ತಂಗಿಗೆ ಕಳಿಸಿದ ಕಾಫಿ

ಬೆಳ್ಳಗಾದ ತಲೆಗೂದಲ ಮೇಲೆ ಕನ್ನಡಕ ಏರಿಸಿಕೊಂಡು, ಬಾಲ್ಕನಿಯಲ್ಲಿ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಕಾಫಿ ಲೋಟವನ್ನು ದಿಟ್ಟಿಸುತ್ತಿದ್ದರು ನಮ್ಮ ಪಕ್ಕದ ಮನೆಯ ಟೀಚರ್. ನಾಗಪುರದ ಪ್ರತಾಪ ನಗರದ ಕಟ್ಟಡದಲ್ಲಿ ಅವರ ಬಾಲ್ಕನಿಗೂ ನಮ್ಮದಕ್ಕೂ ನಡುವೆ ಒಂದು ಗಿಡ್ಡ ಗೋಡೆ ಮಾತ್ರ. ಮೈಸೂರಿನವರು, ಗಂಡನಿಗೆ ವರ್ಗವಾಗಿ ಈ ಊರಿಗೆ ಬಂದು, ಇಲ್ಲೇ ಪಾಠ ಹೇಳಿ ನಿವೃತ್ತರಾದವರು.

ಮಲಗುವ ಮುಂಚೆ ಫಿಲ್ಟರಿಗೆ ಪುಡಿ ಹಾಕಿ, ಮೆತ್ತಗೆ ಒತ್ತಿ, ಬಿಸಿನೀರು ಸುರಿದು ಮುಚ್ಚಿಡುತ್ತಿದ್ದರು. ಬೆಳಗಾಗುವಷ್ಟರಲ್ಲಿ ಡಿಕಾಕ್ಷನ್ ಹನಿಹನಿಯಾಗಿ ಇಳಿದಿರುತ್ತಿತ್ತು. ಆಗಷ್ಟೇ ಕಾದ ಹಾಲು ಬೆರೆಸಿ, ಲೋಟದಿಂದ ಡಬರಿಗೆ ಎತ್ತಿ ಹೊಯ್ದು, ನೊರೆ ಕೂರುವ ಮುಂಚೆ ಫೋಟೋ. ಹಿಂದೆ ಇನ್ನೂ ಕಪ್ಪಾಗಿರುವ ಬೇವಿನ ಮರ ಬರಬೇಕು, ಆಗಲೇ ಹಬೆ ಕಾಣುವುದು. ಕೆಳಗೊಂದು ಸಾಲು ಬರೆದು ಮೈಸೂರಿನ ತಂಗಿಗೆ ಕಳಿಸುತ್ತಿದ್ದರು. ಕಿಡ್ನಿ ತೊಂದರೆಯಿಂದ ತಂಗಿಗೆ ವೈದ್ಯರು ಕಾಫಿ ಬಿಡಿಸಿದ್ದರು. ಅಕ್ಕ ಕಳಿಸುವ ಸಾಲೇ ಆಕೆಯ ಕಾಫಿ.

ಆ ಸಾಲಿಗಾಗಿ ಅವರು ಪಡುತ್ತಿದ್ದ ಪಾಡು ನೋಡಬೇಕು. ‘ಸುಂದರ’, ‘ಆಹಾ’ ಬರೆದು, ತಾವೇ ಮುಖ ಸಿಂಡರಿಸಿ ಅಳಿಸುತ್ತಿದ್ದರು. “ಲೋಟ ಫೋಟೋದಲ್ಲೇ ಇದೆಯಲ್ಲಮ್ಮಾ, ಅದನ್ನೇ ಮತ್ತೆ ಯಾಕೆ ಬರೆಯೋದು? ಕಣ್ಣಿಗೆ ಕಾಣದ್ದನ್ನ ಬರೀಬೇಕು” ಎನ್ನುತ್ತಿದ್ದರು. ಒಂದು ಬೇಸಿಗೆಯ ಬೆಳಗಿನ ಸಾಲು ನನಗಿನ್ನೂ ನೆನಪಿದೆ: ‘ಕೂಲರ್ ಆರಿಸಿದೆ. ಹಾಲು ಉಕ್ಕುವ ಸದ್ದು ಕೇಳಿಸಿತು.’

ಒಮ್ಮೆ ಜ್ವರ ಬಂದು ಹೋದದ್ದು ಅವರ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೇ ಕೊಂಡೊಯ್ದಿತು. ಅದು ಮರಳಲಿಲ್ಲ. ತಂಗಿಗೆ ಹೇಳಬೇಡವೆಂದು ನನ್ನಿಂದ ಮಾತು ತೆಗೆದುಕೊಂಡು, ಸದ್ದು, ಗಾಳಿ, ಬಿಸಿ ಎಂದು ಬರೆಯುತ್ತಲೇ ಇದ್ದರು. ಆದರೆ ತಂಗಿ ಓದುವುದರಲ್ಲಿ ಅಕ್ಕನಿಗಿಂತ ಜಾಣೆ. ಬಹಳ ದಿನವಾಯಿತು, ನಾಳೆ ಘಮದ ಬಗ್ಗೆ ಬರಿ ಎಂದು ಕೇಳಿಬಿಟ್ಟರು. ಸುಳ್ಳು ಬರೆಯಲು ಟೀಚರ್‌ಗೆ ಮನಸ್ಸಿಲ್ಲ. ನಿಜ ಬರೆದರೆ ಹಾಸಿಗೆ ಹಿಡಿದ ತಂಗಿ ಕೊರಗುತ್ತಾಳೆ.

ಬೆಳಿಗ್ಗೆ ಗೋಡೆಯಾಚೆಯಿಂದ ಲೋಟ ನನ್ನ ಮುಖದ ಹತ್ತಿರ ಬಂತು. ಚೆನ್ನಾಗಿದೆ ಎಂದೆ.

“ಚೆನ್ನಾಗಿರೋದು ಘಮ ಅಲ್ಲಮ್ಮಾ. ಮೂಗಿಗೆ ಮೊದಲು ಏನು ಬಂತು?”

ಕಣ್ಣು ಮುಚ್ಚಿದೆ. ಹುರಿದ ಬೀಜ, ಅದರ ಹಿಂದೆ ಚಿಕೋರಿಯ ಸಣ್ಣ ಸುಟ್ಟ ವಾಸನೆ, ಕೊನೆಗೆ ಹಾಲು. ದಿನವೂ ಕುಡಿಯುವ ಕಾಫಿಯಲ್ಲಿ ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಮೂಗಿಲ್ಲದವರು ನನಗೆ ಮೂಗು ಕೊಟ್ಟರು.

ಅವರು ಬರೆದರು: ‘ಹುರಿದ ಬೀಜ, ಚಿಕೋರಿ, ಹಾಲು. ಮೂಗು ಪಕ್ಕದ ಮನೆಯವಳದು. ನನಗೀಗ ಬಿಸಿ ಮಾತ್ರ ಗೊತ್ತಾಗುತ್ತದೆ.’

ಕಳಿಸಿ, ಫೋನನ್ನು ಮಡಿಲಲ್ಲಿ ಮಗುಚಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ತಂಗಿಯ ದನಿ ಸಂದೇಶ ಬಂತು: “ಬಿಸಿ ನೀನು ಇಟ್ಕೋ, ಘಮ ನನಗಿರಲಿ. ಹಂಚ್ಕೊಂಡು ಕುಡಿದ ಹಾಗಾಯ್ತು ಅಕ್ಕಾ.”

ಟೀಚರ್ ತೀರಿಕೊಂಡ ಮೇಲೆ ತಂಗಿಗೆ ಸಾಲು ಬರೆದು ಕಳಿಸುವ ಕೆಲಸ ನನ್ನದಾಯಿತು. ಮೊದಲ ದಿನ ಎಷ್ಟೋ ಬರೆದೆ, ಎಲ್ಲ ಅಳಿಸಿದೆ. ಕೊನೆಗೆ ಉಳಿದದ್ದು ಇಷ್ಟು: ‘ಪಕ್ಕದ ಬಾಲ್ಕನಿಯಲ್ಲಿ ಸದ್ದಿಲ್ಲ.’