ಬಾಗಿಲ ಹಿಂದಿನ ಫಲಕ

ಮಾನ್ವಿಯ ನಿವೃತ್ತ ಇಂಗ್ಲಿಷ್ ಶಿಕ್ಷಕಿ ದುರುಗಮ್ಮನಿಗೆ ಏನನ್ನೇ ಆಗಲಿ ಮೊದಲ ಸಾಲಿನಿಂದಲೇ ಓದುವ ಶಿಸ್ತು. ಒಂದು ಬೆಳಿಗ್ಗೆ ದೇವದುರ್ಗದ ತಮ್ಮ ಗದ್ದೆಪ್ಪ ಹೈದರಾಬಾದಿನ ಹೋಟೆಲಿನಿಂದ, ತನ್ನ ಕೋಣೆಯ ಬಾಗಿಲ ಹಿಂದಿದ್ದ ಇಂಗ್ಲಿಷ್ ಫಲಕದ ಫೋಟೊ ಕಳಿಸಿ ಫೋನ್ ಮಾಡಿದ.

"ಅಕ್ಕಾ, ಗಂಟಿ ಬಡ್ಯಾಕತ್ತದ. ಏನ್ ಬರದಾರ ನೋಡು."

"ಅತಿಥಿಗಳಿಗೆ ಸ್ವಾಗತ" ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿ, ಚಹಾದ ವೇಳೆ, ಬಟ್ಟೆ ಒಗೆಸುವ ಸಂಗತಿಗಳನ್ನೆಲ್ಲ ದಾಟಿ ಕೆಳಗೆ ಕೆಂಪು ಅಕ್ಷರಗಳಲ್ಲಿದ್ದ ಬೆಂಕಿಯ ಸೂಚನೆಗೆ ಹೋದಳು.

"ಕೈ ಹಿಂಬದಿಯಿಂದ ಬಾಗ್ಲಾ ಮುಟ್ಟು. ಬಿಸಿ ಅದನ?"

"ಇಲ್ಲ, ತಣ್ಣಗದ."

"ನಿಧಾನ ತೆಗಿ. ಹೊಗಿ?"

"ಬರೇ ವಾಸನಿ."

"ಹೊರಗ ಬಂದು ಬಾಗ್ಲಾ ಮುಚ್ಚು. ಲಿಫ್ಟ್ ಬ್ಯಾಡ, ಮೆಟ್ಲ ಇಳಿ."

"ಚೀಲ?"

"ಅಲ್ಲೇ ಬಿಡೋ."

ಕೀಲಿಯನ್ನು ಕೌಂಟರಿನಲ್ಲಿ ಒಪ್ಪಿಸದೆ ಗದ್ದೆಪ್ಪ ಯಾವ ಲಾಡ್ಜಿನಿಂದಲೂ ಹೊರಗೆ ಕಾಲಿಟ್ಟವನಲ್ಲ. ಅದು ನೆನಪಾಗಿ ಅವಳು ಫಲಕದಲ್ಲಿಲ್ಲದ ಒಂದು ಮಾತು ಸೇರಿಸಿದಳು: "ಕೀಲಿ ಕೊಡ್ತೀನಂತ ಕೌಂಟರ್ ಹತ್ರ ನಿಂದ್ರಬ್ಯಾಡ. ಎಲ್ಲಾರೂ ಸೇರೋ ಜಾಗ ಗೇಟಿನ ಹತ್ರ ಅಂತ ಬರದಾರ, ಸೀದಾ ಅಲ್ಲಿಗೆ ಹೋಗು."

ಗೇಟು ಮುಟ್ಟಿದ ಮೇಲೆ ಅವನು ಹೇಳಿದ: "ಅಡಿಗಿಮನ್ಯಾಗ ಬೆಂಕಿಯಂತ. ಕೌಂಟರ್ ತುಂಬ ಹೊಗಿ. ಮ್ಯಾನೇಜರ್ರೂ ಇಲ್ಲೇ ಅದಾರ. ಕೀಲಿ ಕೊಡ್ಲೇನು?"

"ಈಗ ಕೊಡು" ಎಂದು ದುರುಗಮ್ಮ ಬಿಟ್ಟುಬಂದ ಸಾಲಿಗೆ ಮರಳಿದಳು. "ಸ್ವಾಗತ ಅಂತ ಬರದಾರ. ಚಹಾ ಏಳಕ್ಕಂತ."