ಇಪ್ಪತ್ತು ಪಟ್ಟು

ದೆಹಲಿಯ ಮುನಿರ್ಕಾದಲ್ಲಿ ಮೂರನೇ ಮಹಡಿಯ ಕೋಣೆಯೊಂದರಲ್ಲಿ ನಾನೂ ನನ್ನ ಸಹೋದ್ಯೋಗಿಯೊಬ್ಬನೂ ಎರಡು ವರ್ಷ ಒಟ್ಟಿಗಿದ್ದೆವು. ಅವನು ದಾವಣಗೆರೆಯವನು; ಇಡೀ ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರ ಎದುರುಮನೆಯ ಗೋಡೆ. ಕೊನೆಗೆ ಬಿಸಿಲು ಬೀಳುವ ಮನೆಯೊಂದು ಸಿಕ್ಕಿತು. ಮುಂಗಡಕ್ಕೆಂದು ತಲಾ ಇಪ್ಪತ್ತು ಸಾವಿರ ಹಾಕಿ, ನಲವತ್ತನ್ನೂ ನನ್ನ ಖಾತೆಯಲ್ಲಿಟ್ಟೆವು. ಆ ಮನೆ ಖಾಲಿಯಾಗಲು ಹತ್ತು ದಿನವಿತ್ತು.

ಅಷ್ಟು ದಿನ ದುಡ್ಡು ಸುಮ್ಮನೆ ಬಿದ್ದಿರುವುದೇಕೆ ಅನ್ನಿಸಿತು. ಅವನಿಗೆ ತಿಳಿಸದೆ, ಫೋನಿನ ಆ್ಯಪ್‌ನಲ್ಲಿ ಬಿಟ್‌ಕಾಯಿನ್ ಪರ್ಪೆಚುವಲ್ ಫ್ಯೂಚರ್ಸ್ ಕೊಂಡೆ. ಅದು ಮುಕ್ತಾಯದ ದಿನವೇ ಇಲ್ಲದ ಒಪ್ಪಂದ. ನಾಣ್ಯ ಕೈಗೆ ಬರುವುದಿಲ್ಲ, ಬೆಲೆಯ ಏರಿಳಿತವಷ್ಟೇ ಲಾಭ ಅಥವಾ ನಷ್ಟ. ಲೆವರೇಜ್ ಇಪ್ಪತ್ತು ಪಟ್ಟು: ನಲವತ್ತು ಸಾವಿರ ಒತ್ತೆಯಿಟ್ಟು ಎಂಟು ಲಕ್ಷದ ವ್ಯವಹಾರ. ಬೆಲೆ ನೂರಕ್ಕೆ ಐದು ಏರಿದರೆ ಹಣ ದುಪ್ಪಟ್ಟು. ಇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಆ ಕಡೆ ನೋಡಲು ಮನಸ್ಸಿರಲಿಲ್ಲ.

ನಾಲ್ಕು ದಿನ ಬೆಲೆ ಇದ್ದಲ್ಲೇ ಇತ್ತು, ನನ್ನ ಹಣ ಮಾತ್ರ ಕರಗುತ್ತಿತ್ತು. ಏರುತ್ತದೆಂದು ಕೊಳ್ಳುವವರು ಹೆಚ್ಚಾಗಿ ಫ್ಯೂಚರ್ಸ್ ಬೆಲೆ ನಿಜವಾದ ಬೆಲೆಯನ್ನು ಮೀರಿದಾಗ, ಅವರು ಇಳಿಯುತ್ತದೆ ಎನ್ನುವವರಿಗೆ ಎಂಟು ಗಂಟೆಗೊಮ್ಮೆ ಫಂಡಿಂಗ್ ಎಂಬ ಮೊತ್ತ ಕೊಡಬೇಕು. ಆ ವಾರದ ದರ ನೂರು ರೂಪಾಯಿಗೆ ಐದು ಪೈಸೆ. ಪೈಸೆ ತಾನೇ ಅಂದುಕೊಂಡಿದ್ದೆ. ಆದರೆ ಅದು ನನ್ನ ನಲವತ್ತು ಸಾವಿರದ ಮೇಲಲ್ಲ, ಎಂಟು ಲಕ್ಷದ ಮೇಲೆ. ಒಂದು ಸಲಕ್ಕೆ ನಾನೂರು, ದಿನಕ್ಕೆ ಸಾವಿರದ ಇನ್ನೂರು.

ಐದನೆಯ ದಿನ ಮಧ್ಯಾಹ್ನ ಹೌಜ್ ಖಾಸ್‌ನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಬೆಲೆ ನೂರಕ್ಕೆ ನಾಲ್ಕು ಕುಸಿಯಿತು. ಫಂಡಿಂಗ್‌ಗೆ ಹೋದ ಹಣ ಇದ್ದಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಒತ್ತೆ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದದ್ದೇ ಆ್ಯಪ್ ತಾನಾಗಿ ವ್ಯವಹಾರ ಮುಚ್ಚಿತು. ಉಳಿದ ಚೂರುಪಾರು ಶುಲ್ಕಕ್ಕೆ ಹೋಯಿತು. ಊಟ ಮುಗಿಯುವಷ್ಟರಲ್ಲಿ ಬೆಲೆ ಮತ್ತೆ ಮೊದಲಿದ್ದಲ್ಲಿಗೇ ಬಂದಿತ್ತು.

ಸಂಜೆ ಅವನು ಚಹಾ ಸೋಸುತ್ತಿದ್ದಾಗ ಹೇಳಿದೆ.

"ಬೆಲೆ ವಾಪಸ್ ಬಂತು ಅಂತೀಯಲ್ಲೋ. ಮತ್ತೆ ದುಡ್ಡು?"

"ಬೆಲೆ ಬಂತು. ಆದ್ರೆ ಅಷ್ಟರಲ್ಲಿ ನನ್ನನ್ನ ಹೊರಗೆ ಹಾಕಿತ್ತು."

"ಎಷ್ಟು ಉಳಿದಿದೆ?"

"ಏನೂ ಇಲ್ಲ."

ಅವನು ಜಾಲರಿಯನ್ನು ಕೆಳಗಿಟ್ಟ. "ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಂಗೆ? ಒಂದೇ ಮಾತು?"

ಅವನು ಬೈಯಲಿಲ್ಲ.

ಆ ಮನೆ ಬೇರೆಯವರ ಪಾಲಾಯಿತು. ಅವನ ಇಪ್ಪತ್ತು ಸಾವಿರವನ್ನು ಐದು ತಿಂಗಳಲ್ಲಿ ತೀರಿಸಿದೆ. ಅಷ್ಟರಲ್ಲಿ ಅವನು ಮಯೂರ್ ವಿಹಾರ್‌ಗೆ ಹೋಗಿದ್ದ. ಈಗಲೂ ಒಂದೇ ಆಫೀಸು. ಎದುರಾದರೆ ಮುಖ ತಿರುಗಿಸುವುದಿಲ್ಲ, ನಗುತ್ತಾನೆ. ಆದರೆ ನನ್ನೊಡನೆ ಅವನು ಹಿಂದಿಯಲ್ಲೇ ಮಾತಾಡುತ್ತಾನೆ.